ಪ್ಲಗ್ ಕಪ್ಪಾಗಿದ್ರೆ ಅರ್ಥ ಏನು? ನೂರು ಸಿಸಿ ಗಾಡಿಯ ಪ್ಲಗ್ ಬಣ್ಣ ಮತ್ತು ಗ್ಯಾಪ್ ನೋಡಿ ದೋಷ ಹಿಡಿಯುವುದು

ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಭಾವನ ಬಳಿ ಕಾರ್ಬುರೇಟರ್ ಇರುವ ಹಳೆಯ ನೂರು ಸಿಸಿ ಗಾಡಿ ಇದೆ. ಮೂವತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ. ಹಾಲಿನ ಕ್ಯಾನ್, ಬೂಸಾ ಮೂಟೆ, ತೆಂಗಿನಕಾಯಿ ಎಲ್ಲವನ್ನೂ ಹೊತ್ತಿದೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ ಅವರು ಹೇಳಿದ್ದಿಷ್ಟು: "ಸಮ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ ಕಣೋ. ಹಿಂದೆ ಮೂಟೆ ಹಾಕ್ಕೊಂಡು ಏರು ಹತ್ತಿದ್ರೆ ಮಾತ್ರ ಕೆಮ್ಮುತ್ತೆ. ಮೊದಲು ಲೀಟರಿಗೆ ಅರವತ್ತರ ಹತ್ತಿರ ಕೊಡ್ತಿತ್ತು, ಈಗ ಐವತ್ತೂ ಇಲ್ಲ."

ಈ ಎರಡು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಅದು ಆಗ ನನ್ನ ತಲೆಗೆ ಹೋಗಲಿಲ್ಲ. ಭಾವನಿಗೆ ಕಾಫಿ ಕೊಟ್ಟು ಮಾತಾಡುತ್ತಾ ಕೂತೆವು. ಎಂಜಿನ್ ಬಿಸಿಯಾಗಲಿ ಅಂತ ಗಾಡಿಯನ್ನು ಹತ್ತು ನಿಮಿಷ ಸುಮ್ನೆ ಸ್ಟಾರ್ಟ್ ಮಾಡಿ ಬಿಟ್ಟಿದ್ದೆ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಾಡಿಗೆಯ ಹಾಗೆ ಕಪ್ಪು. "ಪೆಟ್ರೋಲ್ ಜಾಸ್ತಿ ಹೋಗ್ತಿದೆ ಭಾವ" ಅಂತ ತೀರ್ಪು ಕೊಟ್ಟು ಕಾರ್ಬುರೇಟರಿನ ಏರ್ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದೆ. ಭಾವ ಊರು ಮುಟ್ಟುವ ಮೊದಲೇ ಫೋನ್ ಮಾಡಿದರು. ಏರಿನಲ್ಲಿ ಕೆಮ್ಮುವುದು ಹಾಗೇ ಇತ್ತು. ಅದರ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಆಫ್ ಆಗುವುದೂ ಶುರುವಾಗಿತ್ತು.

ನಾನು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದೇ.

ನಿಂತು ಓಡಿದ ಎಂಜಿನ್ನಿನ ಪ್ಲಗ್ ಸುಳ್ಳು ಹೇಳುತ್ತದೆ

ಪ್ಲಗ್ಗಿನ ತುದಿಯಲ್ಲಿ ನಡುಕಂಬಿಯ ಸುತ್ತ ಬಿಳಿ ಪಿಂಗಾಣಿ ಇರುತ್ತದಲ್ಲ, ಅದನ್ನು ಮೂಗು ಅನ್ನೋಣ. ಈ ಮೂಗು ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ಅದರ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ರಸ್ತೆಯಲ್ಲಿ ಓಡುವಾಗ ಆ ಬಿಸಿ ಸಿಗುತ್ತದೆ. ನಿಂತಲ್ಲೇ ಐಡ್ಲಿಂಗಿನಲ್ಲಿದ್ದರೆ ಸಿಗುವುದಿಲ್ಲ. ಜೊತೆಗೆ ಐಡ್ಲಿಂಗಿನಲ್ಲಿ ಮಿಶ್ರಣವೂ ಸ್ವಲ್ಪ ದಪ್ಪ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿಯೇ ಇರುತ್ತದೆ. ಹಾಗಾಗಿ ಎಷ್ಟೇ ಆರೋಗ್ಯವಾಗಿರುವ ಎಂಜಿನ್ ಆದರೂ ಹತ್ತು ನಿಮಿಷ ನಿಂತು ಓಡಿದರೆ ಪ್ಲಗ್ ಕಪ್ಪಾಗಿಯೇ ಕಾಣುತ್ತದೆ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಅಂಗಡಿವರೆಗೆ ಹೋಗಿ ಬಂದ ಗಾಡಿಯದೂ ಇದೇ ಕಥೆ.

ಇನ್ನೊಂದು ವಿಷಯ. ಏರ್ ಸ್ಕ್ರೂ ಕೆಲಸ ಮಾಡುವುದು ಐಡ್ಲಿಂಗಿನಿಂದ ಕಾಲು ಎಕ್ಸಿಲೇಟರಿನವರೆಗೆ ಮಾತ್ರ. ಅಲ್ಲಿಂದ ಮುಕ್ಕಾಲಿನವರೆಗೆ ಕಾರ್ಬುರೇಟರಿನ ನೀಡಲ್ಲು, ಪೂರ್ತಿ ತಿರುವಿದಾಗ ಪೆಟ್ರೋಲ್ ಹೋಗುವ ಸಣ್ಣ ತೂತಾದ ಮೇನ್ ಜೆಟ್ಟು. ಭಾವನ ಗಾಡಿ ಕೆಮ್ಮುತ್ತಿದ್ದುದು ಅರ್ಧಕ್ಕಿಂತ ಜಾಸ್ತಿ ತಿರುವಿದಾಗ. ಅದಕ್ಕೆ ಏರ್ ಸ್ಕ್ರೂ ತಿರುಗಿಸಿದ್ದು ಕಾಲು ನೋವಿಗೆ ಕೈಗೆ ಮುಲಾಮು ಹಚ್ಚಿದ ಹಾಗಾಯಿತು. ಎಷ್ಟು ತಿರುಗಿಸಿದ್ದೆ ಅಂತ ನೆನಪಿಟ್ಟುಕೊಂಡಿದ್ದು ಅವತ್ತು ಮಾಡಿದ ಒಂದೇ ಒಳ್ಳೆಯ ಕೆಲಸ.

ಮುಂದಿನ ವಾರ ನಾನೇ ಅವರ ಊರಿಗೆ ಹೋಗಿ ಸ್ಕ್ರೂವನ್ನು ಹಿಂದಿನ ಜಾಗಕ್ಕೆ ತಂದೆ. ಈ ಸಲ ಸರಿಯಾದ ಕ್ರಮದಲ್ಲಿ ಶುರು ಮಾಡಿದೆ. ಮೊದಲು ಹತ್ತು ಹನ್ನೆರಡು ಕಿಲೋಮೀಟರ್ ಸಾಮಾನ್ಯ ವೇಗದಲ್ಲಿ ಓಡಿಸಿದೆ. ಆಮೇಲೆ ಗಾಡಿಗಳೇ ಇಲ್ಲದ ಏರು ರಸ್ತೆಯಲ್ಲಿ ಭಾವನನ್ನು ಹಿಂದೆ ಕೂರಿಸಿಕೊಂಡು, ಟಾಪ್ ಗೇರಿನಲ್ಲಿ ಎಕ್ಸಿಲೇಟರನ್ನು ಒಂದೇ ಕಡೆ ಹಿಡಿದು ಒಂದು ಕಿಲೋಮೀಟರಿನಷ್ಟು ಹತ್ತಿಸಿದೆ. ಎಕ್ಸಿಲೇಟರ್ ಬಿಡದೆ ಕ್ಲಚ್ ಹಿಡಿದು ಅದೇ ಕ್ಷಣಕ್ಕೆ ಕಿಲ್ ಸ್ವಿಚ್ ಒತ್ತಿದೆ. ಗಾಡಿಯನ್ನು ಹಾಗೇ ಉರುಳಿಸಿ ರಸ್ತೆ ಬದಿಗೆ ನಿಲ್ಲಿಸಿದೆ. ಕಿಲ್ ಸ್ವಿಚ್ ಇಲ್ಲದ ಗಾಡಿಯಾದರೆ ಕೀಯನ್ನು ಆಫ್‌ಗೆ ಮಾತ್ರ ತರಬೇಕು. ಲಾಕ್ ಕಡೆಗೆ ತಪ್ಪಿಯೂ ಒತ್ತಬಾರದು. ಹೀಗೆ ನಿಲ್ಲಿಸಿದರೆ ಪ್ಲಗ್ಗಿನ ಮೇಲೆ ಏರು ಹತ್ತುವಾಗಿನ ಗುರುತೇ ಉಳಿಯುತ್ತದೆ. ಮನೆತನಕ ಓಡಿಸಿಕೊಂಡು ಬಂದು ಅಂಗಳದಲ್ಲಿ ಆಫ್ ಮಾಡಿದರೆ ಅದರ ಮೇಲೆ ಅಂಗಳದ ಮಸಿ ಕೂತಿರುತ್ತದೆ.

ಬಿಚ್ಚುವ ಮೊದಲು ಎಂಜಿನ್ ಕೈಯಿಂದ ಮುಟ್ಟುವಷ್ಟು ಆರಲಿ. ಹೆಡ್ ಅಲ್ಯೂಮಿನಿಯಂದು. ಬಿಸಿಯಲ್ಲಿ ಉಕ್ಕಿನ ಪ್ಲಗ್ ತಿರುಗಿಸಿದರೆ ಹೆಡ್ಡಿನ ಥ್ರೆಡ್ ಕಿತ್ತು ಬರುವ ಅಪಾಯ ಇದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್ ಥ್ರೆಡ್ಡಿನ ಸಣ್ಣ ಪ್ಲಗ್ ಇರುತ್ತದೆ. ಅದರ ಥ್ರೆಡ್ ಹಾಳಾದರೆ ಖರ್ಚು ಸಣ್ಣದಲ್ಲ. ಕ್ಯಾಪ್ ತೆಗೆದ ಮೇಲೆ ಪ್ಲಗ್ಗಿನ ಬುಡದ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಊದಿ. ಇಲ್ಲದಿದ್ದರೆ ಆ ಮರಳು ನೇರ ಪಿಸ್ಟನ್ ಮೇಲೆ ಬೀಳುತ್ತದೆ.

ಕಪ್ಪಿನಲ್ಲಿ ಮೂರು ಬಗೆ

ಪ್ಲಗ್ ಕೈಗೆ ಬಂದ ಮೇಲೆ ಒರೆಸಬೇಡಿ. ಬಿಸಿಲಿಗೆ ಹಿಡಿದು, ಬೇಕಾದರೆ ಫೋನಿನ ಕ್ಯಾಮೆರಾದಲ್ಲಿ ಹತ್ತಿರ ಮಾಡಿಕೊಂಡು ನೋಡಿ. ಸರಿಯಾಗಿ ಉರಿಯುತ್ತಿರುವ ಎಂಜಿನ್ನಿನಲ್ಲಿ ಮೂಗು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದಿಂದ ಮಾರಿ ಬಿಸ್ಕೆಟ್ ಬಣ್ಣದವರೆಗೆ ಎಲ್ಲೋ ಒಂದು ಕಡೆ ಇರುತ್ತದೆ. ಒಣಗಿರುತ್ತದೆ, ಮೇಲೆ ದಪ್ಪ ಪದರ ಇರುವುದಿಲ್ಲ. ಹಳೇ ಮೆಕ್ಯಾನಿಕ್‌ಗಳು "ಇಟ್ಟಿಗೆ ಬಣ್ಣ ಬರಬೇಕು" ಅಂತಾರೆ. ಅವರು ಕೆಲಸ ಕಲಿತಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ನಮ್ಮಲ್ಲಿ 2000ದಿಂದ ಸೀಸದ ಪೆಟ್ರೋಲ್ ಇಲ್ಲ. ಈಗಿನ ಪೆಟ್ರೋಲಿನಲ್ಲಿ, ಅದರಲ್ಲೂ ಎಥೆನಾಲ್ ಬೆರೆತದ್ದರಲ್ಲಿ, ಬಣ್ಣ ಇನ್ನೂ ತೆಳುವಾಗಿಯೇ ಬರುತ್ತದೆ. ಹಾಗಾಗಿ ತೆಳು ಬಣ್ಣ ನೋಡಿ ಗಾಬರಿಯಾಗಿ ಜೆಟ್ ಬದಲಾಯಿಸುವ ಕೆಲಸಕ್ಕೆ ಕೈ ಹಾಕಬೇಡಿ.

ಕಪ್ಪು ಕಂಡರೆ ಬಣ್ಣಕ್ಕಿಂತ ಮುಖ್ಯ ಅದು ಒಣ ಕಪ್ಪೋ, ಒದ್ದೆ ಕಪ್ಪೋ ಅನ್ನುವುದು. ಬಿಳಿ ಕಾಗದದ ಮೇಲೆ ತುದಿಯನ್ನು ಒಮ್ಮೆ ತಿಕ್ಕಿ. ದೀಪದ ಮಸಿಯ ಹಾಗೆ ಹೊಳಪಿಲ್ಲದ ಒಣ ಪುಡಿ ಬಂದರೆ ಅದು ಪೂರ್ತಿ ಉರಿಯದ ಪೆಟ್ರೋಲಿನ ಮಸಿ. ಕಾಗದದ ಮೇಲೆ ಜಿಡ್ಡಿನ ಕಲೆ ಉಳಿದು, ಅದು ಬೆಳಕಿಗೆ ಹಿಡಿದಾಗ ಬೋಂಡಾ ಕಟ್ಟಿದ ಪೇಪರಿನಂತೆ ಕಂಡರೆ ಅದು ಎಂಜಿನ್ ಆಯಿಲ್. ಇನ್ನು ಬರೀ ಒದ್ದೆಯಾಗಿದ್ದು, ಪೆಟ್ರೋಲ್ ವಾಸನೆ ಬಂದು, ಎರಡು ನಿಮಿಷದಲ್ಲಿ ಗಾಳಿಗೆ ಒಣಗಿದರೆ ಒಳಗೆ ಪೆಟ್ರೋಲ್ ಬರುತ್ತಿದೆ ಆದರೆ ಕಿಡಿ ಹತ್ತುತ್ತಿಲ್ಲ ಅಂತ. ಕಿಕ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗದ ಗಾಡಿಯಲ್ಲಿ ಕಾಣುವುದು ಈ ಮೂರನೆಯದು.

ಭಾವನ ಗಾಡಿಯದು ಒಣ ಮಸಿ. ಅಂದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಬಗ್ಗೆ ಚಿಂತೆ ಬೇಡ ಅಂತಾಯಿತು. ಅಷ್ಟು ಹೊತ್ತಿಗೆ ಭಾವನ ಮುಖ ಸ್ವಲ್ಪ ಗೆಲುವಾಯಿತು. ಯಾರೋ ಅವರಿಗೆ ಬೋರಿಂಗ್ ಆಗಬೇಕು ಅಂತ ಹೆದರಿಸಿದ್ದರು.

ಇಲ್ಲಿ ಇನ್ನೊಂದು ಕಲೆಯ ಬಗ್ಗೆ ಹೇಳಿಬಿಡುತ್ತೇನೆ. ಪ್ಲಗ್ಗಿನ ಹೊರಗಡೆ, ಲೋಹದ ಮೈ ಮುಗಿದು ಬಿಳಿ ಪಿಂಗಾಣಿ ಶುರುವಾಗುವ ಕಡೆ, ಕೆಲವೊಮ್ಮೆ ಕಂದು ಬಣ್ಣದ ಬಳೆಯಂಥ ಕಲೆ ಇರುತ್ತದೆ. ಅದನ್ನು ನೋಡಿ ಪ್ಲಗ್ ಲೀಕ್ ಅಂತ ಎಸೆಯುವವರಿದ್ದಾರೆ. ಹೈ ವೋಲ್ಟೇಜಿನ ಸುತ್ತ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಬರುವ ಕಲೆ ಅದು, ತೊಂದರೆ ಏನಿಲ್ಲ. ಹೊರಗಿನ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಮಾತ್ರ ಕರೆಂಟು ಅಲ್ಲಿಂದ ಹೊರಗೇ ಹಾರುತ್ತಿದೆ ಅಂತ. ಆ ಪ್ಲಗ್ ಬಿಸಾಕಿ, ಕ್ಯಾಪಿನ ಒಳಗೂ ಅಂಥದೇ ಗೆರೆ ಇದೆಯಾ ನೋಡಿ.

ಗ್ಯಾಪ್ ಅಳೆದಾಗ ಸಿಕ್ಕಿದ್ದು

ಒಣ ಮಸಿ ಅಂದ ಕೂಡಲೇ ಎಲ್ಲರ ಕೈ ಕಾರ್ಬುರೇಟರ್ ಕಡೆ ಹೋಗುತ್ತದೆ. ಆದರೆ ಮಸಿ ಬರುವುದಕ್ಕೆ ಎರಡು ದಾರಿ ಇದೆ. ಪೆಟ್ರೋಲ್ ಜಾಸ್ತಿ ಬಂದರೂ ಮಸಿ, ಕಿಡಿ ಆಗಾಗ ತಪ್ಪಿದರೂ ಮಸಿ. ಯಾವುದು ಮೊದಲು ಅಂತ ಬಣ್ಣ ಒಂದೇ ಹೇಳುವುದಿಲ್ಲ. ಅದಕ್ಕೇ ಬಣ್ಣ ನೋಡಿದ ಕೂಡಲೇ ಗ್ಯಾಪ್ ಅಳೆಯಬೇಕು.

ನಡುಕಂಬಿಯ ತುದಿಗೂ ಮೇಲೆ ಬಾಗಿರುವ ಕೊಕ್ಕೆಗೂ ನಡುವಿನ ಸಂದೇ ಗ್ಯಾಪ್. ಈ ಗಾಡಿಗೆ ಕಂಪನಿಯ ಪುಸ್ತಕದಲ್ಲಿ ಇರುವುದು 0.6ರಿಂದ 0.7 ಮಿಲಿಮೀಟರ್. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕದಲ್ಲೇ ನೋಡಿ. ಕೆಲವು ಗಾಡಿಗೆ 0.8, 0.9 ಇರುತ್ತದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನ ನಂಬರಿನ ಕೊನೆಯಲ್ಲಿ `-9` ಇದ್ದರೆ ಅದನ್ನು 0.9ಕ್ಕೆ ಮಾಡಿದ್ದಾರೆ ಅಂತ ಅರ್ಥ.

ಬೇರೆ ಬೇರೆ ದಪ್ಪದ ಪಟ್ಟಿಗಳಿರುವ ಫೀಲರ್ ಗೇಜಿನ 0.7ರ ಪಟ್ಟಿ ಭಾವನ ಪ್ಲಗ್ಗಿನಲ್ಲಿ ಗಾಳಿಯಲ್ಲಿ ಆಡಿದಂತೆ ಆಡಿತು. 0.8 ಕೂಡ ಸಲೀಸಾಗಿ ಹೋಯಿತು. 0.9 ಸ್ವಲ್ಪ ಉಜ್ಜಿಕೊಂಡು ಹೋಯಿತು. ಆದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿಯೇ ಇತ್ತು. ಯಾಕೆಂದರೆ ಕಿಡಿ ಕೋಟಿಗಟ್ಟಲೆ ಸಲ ಹಾರಿ ಹಾರಿ ಕೊಕ್ಕೆಯ ಒಳಮೈಯಲ್ಲಿ ಒಂದು ಸಣ್ಣ ಗುಳಿ ಬಿದ್ದಿತ್ತು. ಚಪ್ಪಟೆ ಪಟ್ಟಿ ಆ ಗುಳಿಯ ಮೇಲೆ ಸೇತುವೆಯ ಹಾಗೆ ಕೂರುತ್ತದೆ, ಗುಳಿಯ ಆಳ ಲೆಕ್ಕಕ್ಕೆ ಬರುವುದಿಲ್ಲ. ಹಳೇ ಪ್ಲಗ್ಗಿಗೆ ದುಂಡು ತಂತಿಯ ಗೇಜ್ ಒಳ್ಳೆಯದು ಅನ್ನುವುದು ಇದಕ್ಕೇ. ನಡುಕಂಬಿಯ ತುದಿಯೂ ಅಂಚು ಸವೆದು ಗುಂಡಗಾಗಿತ್ತು. ಹೊಸ ಪ್ಲಗ್ಗಿನಲ್ಲಿ ಅದು ಕತ್ತರಿಸಿದಂತೆ ಚೂಪು ಅಂಚಿನದಾಗಿರುತ್ತದೆ. ಕಿಡಿ ಚೂಪು ಅಂಚಿನಿಂದ ಸುಲಭವಾಗಿ ಹಾರುತ್ತದೆ, ಗುಂಡಗಾದ ಕಡೆಯಿಂದ ಕಷ್ಟಪಟ್ಟು ಹಾರುತ್ತದೆ.

"ಈ ಪ್ಲಗ್ ಯಾವಾಗ ಹಾಕ್ಸಿದ್ದು ಭಾವ?" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ದೊಡ್ಡವಳು ಕಾಲೇಜಿಗೆ ಸೇರಿದಾಗ" ಅಂದರು. ಲೆಕ್ಕ ಹಾಕಿದರೆ ಹದಿನೈದು ಸಾವಿರ ಕಿಲೋಮೀಟರ್ ದಾಟಿತ್ತು. ಇಂಥ ಸಾಮಾನ್ಯ ಪ್ಲಗ್ ಹನ್ನೆರಡು ಸಾವಿರಕ್ಕೆ ಬದಲಾಯಿಸುವುದು ರೂಢಿ.

ಈಗ ಏರಿನಲ್ಲಿ ಮಾತ್ರ ಯಾಕೆ ಕೆಮ್ಮುತ್ತಿತ್ತು ಅನ್ನುವುದು. ಕಿಡಿ ಹಾರಬೇಕಾದ್ದು ಬರೀ ಗಾಳಿಯಲ್ಲಲ್ಲ, ಪಿಸ್ಟನ್ ಒತ್ತಿ ಹಿಡಿದ ಮಿಶ್ರಣದಲ್ಲಿ. ಒತ್ತಡ ಜಾಸ್ತಿಯಾದಷ್ಟೂ ಅದೇ ಗ್ಯಾಪ್ ದಾಟಲು ಜಾಸ್ತಿ ವೋಲ್ಟೇಜ್ ಬೇಕು. ಸಮ ರಸ್ತೆಯಲ್ಲಿ ಎಕ್ಸಿಲೇಟರ್ ಸ್ವಲ್ಪವೇ ತೆರೆದಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯೂ ಕಡಿಮೆ, ಒತ್ತಡವೂ ಕಡಿಮೆ. ಮೂಟೆ ಹಾಕಿ ಏರು ಹತ್ತುವಾಗ ಪೂರ್ತಿ ತಿರುವುತ್ತೇವೆ, ಸಿಲಿಂಡರ್ ತುಂಬುತ್ತದೆ, ಒತ್ತಡ ಏರುತ್ತದೆ. ಕಾಯಿಲ್ ಕೊಡುವ ವೋಲ್ಟೇಜಿಗೆ ಒಂದು ಮಿತಿ ಇದೆ. 0.65ರ ಗ್ಯಾಪನ್ನು ಅದು ದಾಟಿಸುತ್ತದೆ. ಸವೆದು ಒಂದು ಮಿಲಿಮೀಟರಿನ ಹತ್ತಿರ ಬಂದಿದ್ದನ್ನು, ಅದೂ ಮೂಗಿನ ಮಸಿಯ ಮೇಲೆ ಒಂದಿಷ್ಟು ಕರೆಂಟು ಸೋರಿಹೋಗುತ್ತಿರುವಾಗ, ದಾಟಿಸಲು ಆಗಲಿಲ್ಲ.

ಆ ಮಸಿಯೂ ಸುಮ್ನೆ ಕೂರುವುದಿಲ್ಲ. ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟು ಹರಿಯುತ್ತದೆ. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಇನ್ನಷ್ಟು ಮಸಿ ಕೂರಿಸುತ್ತದೆ, ಆ ಮಸಿಯಿಂದ ಕಿಡಿ ಇನ್ನಷ್ಟು ತಪ್ಪುತ್ತದೆ.

ಇದೇ ಕಾರಣಕ್ಕೆ ಪ್ಲಗ್ಗನ್ನು ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು "ನೋಡಿ, ಕಿಡಿ ಚೆನ್ನಾಗಿ ಬರ್ತಿದೆ" ಅನ್ನುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಹೊರಗಿನ ಗಾಳಿಯಲ್ಲಿ ಆ ಹಾಳು ಪ್ಲಗ್ ಕೂಡ ನೀಲಿ ಕಿಡಿ ಕೊಟ್ಟಿತು. ಕಿಡಿ ಬರಲೇ ಇಲ್ಲ ಅಂದರೆ ದೋಷ ಇದೆ ಅಂತ ಗ್ಯಾರಂಟಿ. ಬಂತು ಅಂದ ಮಾತ್ರಕ್ಕೆ ಸರಿ ಇದೆ ಅಂತ ಅಲ್ಲ. ಈ ಪರೀಕ್ಷೆ ಮಾಡುವುದೇ ಆದರೆ ಪ್ಲಗ್ಗಿನ ಲೋಹದ ಮೈ ಹೆಡ್ಡಿಗೆ ಗಟ್ಟಿಯಾಗಿ ತಾಗಿರಲಿ, ಪ್ಲಗ್ ತೆಗೆದ ತೂತಿನಿಂದ ದೂರ ಇರಲಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ.

ಗ್ಯಾಪ್ ಕೂರಿಸುವುದು

ಫೀಲರ್ ಗೇಜ್ ಇಲ್ಲದ ಕಡೆ ನಮ್ಮ ಮೆಕ್ಯಾನಿಕ್‌ಗಳು ಹ್ಯಾಕ್ಸಾ ಬ್ಲೇಡ್ ಬಳಸುತ್ತಾರೆ. ಇದರಲ್ಲಿ ಸತ್ಯ ಇದೆ. ಕೈಯಲ್ಲಿ ಬಳಸುವ ಸಾಮಾನ್ಯ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.63 ಮಿಲಿಮೀಟರ್, ನಮ್ಮ ನೂರು ಸಿಸಿ ಗಾಡಿಗೆ ಬೇಕಾದಷ್ಟೇ. ಆದರೆ ಬ್ಲೇಡಿನ ಬೆನ್ನಿನ ಕಡೆ ಬಳಸಬೇಕು. ಹಲ್ಲುಗಳು ಆ ಕಡೆ ಈ ಕಡೆ ಬಾಗಿರುವುದರಿಂದ ಅಲ್ಲಿ ದಪ್ಪ ಜಾಸ್ತಿ. ಬಣ್ಣ ಬಳಿದ ಬ್ಲೇಡಾದರೆ ಬಣ್ಣ ಕೆರೆದು ಹಾಕಿ. 0.9 ಬೇಕಾದ ಗಾಡಿಗೆ ಈ ಉಪಾಯ ನಡೆಯುವುದಿಲ್ಲ. ಫೀಲರ್ ಗೇಜ್ ಏನು ದುಬಾರಿ ವಸ್ತುವಲ್ಲ, ಒಂದು ಇಟ್ಟುಕೊಂಡರೆ ವಾಲ್ವ್ ಟ್ಯಾಪೆಟ್ ಹೊಂದಿಸುವುದಕ್ಕೂ ಬರುತ್ತದೆ.

ಭಾವನಿಗೆ ಹೊಸ ಪ್ಲಗ್ಗನ್ನೇ ತಂದಿದ್ದೆ. ಹೊಸದಾದರೂ ಅಳೆದೇ ಹಾಕಬೇಕು. ಡಬ್ಬಿಯಲ್ಲಿ, ಅಂಗಡಿಯ ಕೌಂಟರಿನಲ್ಲಿ ಬಿದ್ದು ಕೊಕ್ಕೆ ಒಳಗೆ ಬಾಗಿರಬಹುದು. ಇದರಲ್ಲಿ 0.6ರ ಪಟ್ಟಿಯೇ ಹೋಗುತ್ತಿರಲಿಲ್ಲ. ಗ್ಯಾಪ್ ಕಡಿಮೆ ಇದ್ದರೂ ತೊಂದರೆಯೇ. ಕಿಡಿ ಸಣ್ಣದಾಗಿ, ಮಿಶ್ರಣಕ್ಕೆ ಬೆಂಕಿ ಸರಿಯಾಗಿ ಹತ್ತದೆ, ಐಡ್ಲಿಂಗಿನಲ್ಲಿ ಎಂಜಿನ್ ತಡವರಿಸುತ್ತದೆ. ಸಣ್ಣ ಮಸಿಯ ತುಣುಕು ಸಂದಿನಲ್ಲಿ ಸಿಕ್ಕಿದರೂ ಸಾಕು, ಕಿಡಿಯೇ ನಿಲ್ಲುತ್ತದೆ.

ಬಾಗಿಸಬೇಕಾದ್ದು ಹೊರಗಿನ ಕೊಕ್ಕೆಯನ್ನು ಮಾತ್ರ. ಸ್ಕ್ರೂಡ್ರೈವರನ್ನು ಸಂದಿನಲ್ಲಿ ತೂರಿಸಿ ನಡುಕಂಬಿಯ ಮೇಲೆ ಊರಿ ಮೀಟಿದರೆ ಒಳಗೆ ಪಿಂಗಾಣಿ ಬಿರುಕು ಬಿಡುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾದಾಗ ಮಾತ್ರ ಕಾಡುತ್ತದೆ. ಗ್ಯಾಪ್ ಹೆಚ್ಚು ಮಾಡಲು ಸಣ್ಣ ನೋಸ್ ಪ್ಲೈಯರಿನಲ್ಲಿ ಕೊಕ್ಕೆಯ ತುದಿ ಹಿಡಿದು ಕೂದಲೆಳೆಯಷ್ಟು ಹೊರಕ್ಕೆ ಎಳೆಯಬೇಕು. ಕಡಿಮೆ ಮಾಡಲು ಪ್ಲಗ್ಗನ್ನು ತಲೆಕೆಳಗೆ ಹಿಡಿದು ಕೊಕ್ಕೆಯನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಬೇಕು. ಒಂದು ಸಲ ತಟ್ಟಿ, ಅಳೆದು, ಮತ್ತೆ ತಟ್ಟಬೇಕು. ಕೊನೆಗೆ 0.6ರ ಪಟ್ಟಿ ಸಲೀಸಾಗಿ ಹೋಗಿ, 0.7ರದ್ದು ಬೆಣ್ಣೆಯಲ್ಲಿ ಚಾಕು ಎಳೆದಂತೆ ಸ್ವಲ್ಪ ಹಿಡಿದುಕೊಂಡು ಹೋಗಬೇಕು. ಕೊಕ್ಕೆ ನಡುಕಂಬಿಯ ನೇರಕ್ಕೆ ಸಮವಾಗಿ ಕೂತಿದೆಯಾ ಅಂತ ಪಕ್ಕದಿಂದ ಒಮ್ಮೆ ನೋಡಿ. ಇದೆಲ್ಲ ಸಾಮಾನ್ಯ ನಿಕಲ್ ಪ್ಲಗ್ಗಿನ ಮಾತು. ಸೂಜಿಯಂಥ ನಡುಕಂಬಿಯ ಇರಿಡಿಯಂ ಪ್ಲಗ್ಗಿಗೆ ತಂತಿ ಬ್ರಷ್ ಹಾಕಬೇಡಿ, ತಟ್ಟಲೂ ಹೋಗಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಹೊಸ ಪ್ಲಗ್ ಹಾಕಿ ಅದೇ ಏರಿಗೆ, ಅದೇ ಭಾರಕ್ಕೆ ಓಡಿಸಿದೆವು. ಕೆಮ್ಮು ನಿಂತಿತ್ತು. ಭಾವ ಅಲ್ಲಿಗೇ ಮುಗೀತು ಅಂದರು. ನನಗೆ ಮೈಲೇಜಿನ ಮಾತು ತಲೆಯಲ್ಲಿತ್ತು. ಬರೀ ಏರಿನಲ್ಲಿ ನಾಲ್ಕು ಕಿಡಿ ತಪ್ಪಿದ್ದಕ್ಕೆ ಲೀಟರಿಗೆ ಹತ್ತು ಕಿಲೋಮೀಟರ್ ಇಳಿಯಬೇಕಾ? ಹಾಗಾಗಿ ಕಾರ್ಬುರೇಟರನ್ನು ಬೇಕಂತಲೇ ಮುಟ್ಟಲಿಲ್ಲ. ಗ್ಯಾಪನ್ನೂ ಕಾರ್ಬುರೇಟರನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ. "ಮುನ್ನೂರು ಕಿಲೋಮೀಟರ್ ಓಡ್ಸಿ ಭಾವ, ಆಮೇಲೆ ನೋಡೋಣ" ಅಂದೆ.

ಹೊಸ ಪ್ಲಗ್ಗಿನ ವಿಷಯದಲ್ಲಿ ತಾಳ್ಮೆ ಬೇಕು. ಕಾಫಿ ಬಣ್ಣ ಬರಲು ನೂರಾರು ಕಿಲೋಮೀಟರ್ ಬೇಕು, ಆದರೆ ಮಸಿ ಕೂರಲು ಹತ್ತು ಕಿಲೋಮೀಟರ್ ಸಾಕು. ಹತ್ತು ಕಿಲೋಮೀಟರಿಗೆ ಬಿಚ್ಚಿ ನೋಡಿದಾಗ ಮೂಗು ಬೆಳ್ಳಗಿದ್ದರೆ ಅದು ಸುಮ್ನೆ ಹೊಸತಾಗಿರುವುದು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಅಂತ ಅಲ್ಲ.

ಮುನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಏರಿನಲ್ಲಿ ನಿಲ್ಲಿಸಿ ಬಿಚ್ಚಿದೆವು. ಗ್ಯಾಪ್ ಸರಿಯಾಗಿಯೇ ಇತ್ತು, ಗಾಡಿ ಕೆಮ್ಮುತ್ತಿರಲಿಲ್ಲ, ಆದರೂ ಮೂಗಿನ ಮೇಲೆ ತೆಳುವಾಗಿ ಒಣ ಮಸಿ. ಈಗ ಸಂಶಯವಿಲ್ಲ. ಕಿಡಿ ತಪ್ಪದೆಯೂ ಮಸಿ ಬರುತ್ತಿದೆ ಅಂದರೆ ಪೆಟ್ರೋಲ್ ನಿಜವಾಗಿಯೂ ಜಾಸ್ತಿ ಹೋಗುತ್ತಿದೆ, ಅಥವಾ ಗಾಳಿ ಕಡಿಮೆ ಬರುತ್ತಿದೆ. ಮೊದಲು ಚೋಕ್ ನೋಡಿದೆ. ಲಿವರ್ ಕೆಳಗಿಳಿಸಿದಾಗ ಕಾರ್ಬುರೇಟರಿನ ಕಡೆಯ ತುದಿಯೂ ಪೂರ್ತಿ ವಾಪಸ್ ಬರುತ್ತಿತ್ತು. ಆಮೇಲೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ.

ಭಾವನ ಮನೆ ಪಕ್ಕ ತೆಂಗಿನ ನಾರು ತೆಗೆಯುವ ಘಟಕ ಇದೆ. ಫಿಲ್ಟರಿನ ಮಡಿಕೆಗಳ ಮೇಲೆ ಆ ನಾರಿನ ಕಂದು ಪುಡಿ ಎಣ್ಣೆಯ ಜೊತೆ ಕಲಸಿ ರೊಟ್ಟಿ ತಟ್ಟಿದ ಹಾಗೆ ಅಂಟಿಕೊಂಡಿತ್ತು. ಸೂರ್ಯನ ಕಡೆ ಹಿಡಿದರೆ ಒಂದು ಚುಕ್ಕಿ ಬೆಳಕೂ ಈ ಕಡೆ ಬರಲಿಲ್ಲ. ಇಂಥ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಟ್ಟಲಿಗೆ ಹೊರಗಿನ ಗಾಳಿಯ ಒತ್ತಡ ಇರುತ್ತದೆ. ಫಿಲ್ಟರ್ ಕಟ್ಟಿದರೆ ಎಂಜಿನ್ ಎಳೆಯುವ ಸೆಳೆತವೆಲ್ಲ ಜೆಟ್ಟಿನ ಮೇಲೆ ಬೀಳುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ.

ಅವರ ಮಗ ಆಗಲೇ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿಕೊಂಡು ಬರಲು ಹೊರಟಿದ್ದ. ತಡೆದೆ. ಇದು ಎಣ್ಣೆ ಹೀರಿದ ಕಾಗದದ ಫಿಲ್ಟರ್. ಗಾಳಿ ಹೊಡೆದರೆ, ತೊಳೆದರೆ ಸರಿಹೋಗುವುದಿಲ್ಲ, ಬದಲಾಯಿಸಲೇಬೇಕು. ಸ್ಪಂಜಿನ ಫಿಲ್ಟರಾದರೆ ತೊಳೆದು, ಒಣಗಿಸಿ, ಎಣ್ಣೆ ಹಾಕಿ ಹಿಂಡಿ ಹಾಕಬಹುದು. ಹೊಸ ಫಿಲ್ಟರ್ ಹಾಕಿ ಇನ್ನೊಂದು ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಮೂಗು ಮಾರಿ ಬಿಸ್ಕೆಟ್ ಬಣ್ಣಕ್ಕೆ ಬಂತು. ಮೈಲೇಜ್ ಐವತ್ತೆಂಟಕ್ಕೆ ಏರಿತು.

ಫಿಲ್ಟರ್ ಚೆನ್ನಾಗಿದ್ದೂ ಮಸಿ ಬರುತ್ತಿದ್ದರೆ ಆಮೇಲೆ ಕಾರ್ಬುರೇಟರ್ ಬಿಚ್ಚುವ ಮಾತು. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಜಾಸ್ತಿ ಇರಬಹುದು, ಅಥವಾ ನೀಡಲ್ಲೂ ಅದು ಕೂರುವ ತೂತೂ ಸವೆದಿರಬಹುದು. ಸವೆದ ಜೋಡಿಗೆ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ.

ಆಯಿಲ್ ಕಪ್ಪು ಮತ್ತು ಸುಣ್ಣದ ಬಿಳಿ

ಕಾಗದದ ಮೇಲೆ ಜಿಡ್ಡು ಉಳಿದರೆ ಮೊದಲು ಆಯಿಲ್ ಲೆವೆಲ್ ನೋಡಿ. ಜಾಸ್ತಿ ತುಂಬಿಸಿದ್ದರೆ ಅದು ಬ್ರೀದರ್ ಪೈಪಿನಿಂದ ಫಿಲ್ಟರ್ ಡಬ್ಬಿಗೆ ಬಂದು ಅಲ್ಲಿಂದ ಎಂಜಿನ್ನಿಗೆ ಹೋಗುತ್ತದೆ. ಲೆವೆಲ್ ಸರಿ ಇದ್ದರೆ ಹೊಗೆ ಯಾವಾಗ ಬರುತ್ತದೆ ಅಂತ ಗಮನಿಸಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸು ನೀಲಿ ಹೊಗೆ ಬಂದು ನಿಂತುಹೋದರೆ, ಅಥವಾ ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟು ಇಳಿದು ಮತ್ತೆ ತಿರುವಿದಾಗ ಹೊಗೆ ಬಂದರೆ ವಾಲ್ವ್ ಸೀಲಿನ ಕಡೆ ಅನುಮಾನ. ಎಳೆಯುವಾಗ ಉದ್ದಕ್ಕೂ ಹೊಗೆ, ಪಿಕಪ್ಪೂ ಇಲ್ಲ ಅಂದರೆ ರಿಂಗಿನ ಕಡೆ. ಇದನ್ನು ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಗೇಜ್ ಹಾಕಿ, ಎಕ್ಸಿಲೇಟರ್ ಪೂರ್ತಿ ತೆರೆದು ಕಿಕ್ ಹೊಡೆದು ಅಳೆಯಬೇಕು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಯಿಲ್ ಬಿಟ್ಟಾಗ ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಸೋರುತ್ತಿರುವುದು ಬಹುಶಃ ವಾಲ್ವಿನಲ್ಲಿ. ಬೋರಿಂಗಿಗೆ ದುಡ್ಡು ಕೊಡುವ ಮೊದಲು ಇಷ್ಟನ್ನಾದರೂ ನಿಮ್ಮ ಕಣ್ಣೆದುರೇ ಮಾಡಿಸಿ.

ಬಿಳಿಯ ವಿಷಯ ಬೇರೆ. ಬರೀ ತೆಳು ಬಣ್ಣ ತೊಂದರೆಯಲ್ಲ ಅಂತ ಹೇಳಿದೆ. ತೊಂದರೆಯ ಬಿಳಿ ಸುಣ್ಣ ಬಳಿದಂತೆ ಕಾಣುತ್ತದೆ, ಮೂಗಿನ ಮೇಲೆ ಸಣ್ಣ ಬೊಬ್ಬೆ, ಕಾಳು ಕಾಳು, ಕೊಕ್ಕೆಯ ಅಂಚು ಕರಗಿದಂತೆ. ಗಾಡಿ ಬಿಸಿಯಾದಾಗ ಎಳೆತ ಕಡಿಮೆಯಾಗುವುದು, ಎಕ್ಸಿಲೇಟರ್ ಬಿಟ್ಟರೂ ಐಡ್ಲಿಂಗ್ ಬೇಗ ಇಳಿಯದಿರುವುದು ಜೊತೆಗೇ ಇರುತ್ತದೆ. ಸಾಮಾನ್ಯವಾಗಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಆಗ ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ಜಾಯಿಂಟ್ ನೋಡಿ. ಐಡ್ಲಿಂಗಿನಲ್ಲಿ ಬಿಟ್ಟು ಆ ಜಾಯಿಂಟಿನ ಮೇಲೆ ಸ್ವಲ್ಪ ಸೋಪಿನ ನೀರು ಹಾಕಿ. ಎಂಜಿನ್ ಶಬ್ದ ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ಅಲ್ಲಿ ಇಲ್ಲ ಅಂದರೆ ಜೆಟ್ಟಿನಲ್ಲಿ ಕಸ ಇರಬಹುದು. ಇಂಥ ಪ್ಲಗ್ ಕಂಡರೆ ಗಾಡಿಯನ್ನು ದೂರ ಓಡಿಸಬೇಡಿ, ಮುಂದಿನ ಸರದಿ ಪಿಸ್ಟನ್ನಿನದು.

ಪ್ಲಗ್ಗಿನ ನಂಬರೂ ಬಣ್ಣವನ್ನು ಕೆಡಿಸಬಹುದು. ಒಂದೇ ಥ್ರೆಡ್ಡಿನಲ್ಲಿ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂತ ಇವೆ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣಗೆ. ಬಾಷ್‌ನಲ್ಲಿ, ಅಂದರೆ ಹಳೆಯವರು ಈಗಲೂ ಮೈಕೊ ಅನ್ನುವ ಪ್ಲಗ್ಗಿನಲ್ಲಿ, ತದ್ವಿರುದ್ಧ: ನಂಬರ್ ದೊಡ್ಡದಾದಷ್ಟೂ ಬಿಸಿ. ಅದಕ್ಕೆ ನಂಬರ್ ನೋಡಿ ಅಂದಾಜು ಮಾಡಬೇಡಿ, ಪುಸ್ತಕದಲ್ಲಿ ಬರೆದದ್ದನ್ನೇ ಕೇಳಿ ತನ್ನಿ. ತಣ್ಣನೆ ಪ್ಲಗ್ ಹಾಕಿದರೆ ಎಲ್ಲ ಸರಿ ಇರುವ ಎಂಜಿನ್ನಿನಲ್ಲೂ ಮಸಿ ಕೂರುತ್ತದೆ.

2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6 ನಿಯಮದ ನಂತರದ ಗಾಡಿಗಳಲ್ಲಿ ಹೆಚ್ಚಿನವು ಇಂಜೆಕ್ಷನ್ನಿನವು. ಅದರಲ್ಲಿ ಸೈಲೆನ್ಸರಿನ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತದೆ. ಅಲ್ಲಿ ಬಣ್ಣದಿಂದ ಮಿಶ್ರಣದ ಬಗ್ಗೆ ತಿಳಿಯುವುದು ಕಡಿಮೆ. ಆಯಿಲಿನ ಜಿಡ್ಡು, ಸವೆದ ಗ್ಯಾಪ್, ಬಿರುಕು ಮಾತ್ರ ಅಲ್ಲೂ ಇದೇ ರೀತಿ ಕಾಣುತ್ತವೆ.

ವಾಪಸ್ ಹಾಕುವಾಗ ಪಾನಾ ಆಮೇಲೆ, ಮೊದಲು ಬೆರಳು. ಕೈಯಲ್ಲೇ ಪೂರ್ತಿ ಕೂರುವವರೆಗೆ ತಿರುಗಿಸಿ. ಎರಡನೇ ಸುತ್ತಿಗೇ ಬಿಗಿಯಾದರೆ ಅಡ್ಡ ಥ್ರೆಡ್ ಹಿಡಿದಿದೆ, ತೆಗೆದು ಮತ್ತೆ ಹಾಕಿ. ಕೂತ ಮೇಲೆ ಹೊಸ ವಾಷರಿನ ಪ್ಲಗ್ಗಿಗೆ ಪಾನಾದಲ್ಲಿ ಸುಮಾರು ಅರ್ಧ ಸುತ್ತು, ಹಳೆಯದಕ್ಕೆ ಎಂಟನೇ ಒಂದು ಸುತ್ತು ಸಾಕು. ಭಾವ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಬಿಗಿ ಮಾಡೋ, ಬಿದ್ದು ಹೋಗುತ್ತೆ" ಅಂತಿದ್ದರು. ಪಾನಾ ಅವರ ಕೈಗೆ ಕೊಡಲಿಲ್ಲ.